ಪಾಸ್ ಫೋನಿನಲ್ಲಿದೆಯೋ, ಬರೀ ಲಿಂಕ್ ಇದೆಯೋ?

ಟಿಕೆಟ್ ಸ್ಕ್ಯಾನ್ ಮಾಡುವ ವ್ಯವಸ್ಥೆಗಳನ್ನು ಅಳವಡಿಸುವುದು ನನ್ನ ಕೆಲಸ. ದೊಡ್ಡ ಕಾರ್ಯಕ್ರಮಗಳಲ್ಲಿ ಮೊದಲ ಒಂದು ಗಂಟೆ ಗೇಟಿನ ಬಳಿಯೇ ನಿಂತಿರುತ್ತೇನೆ. ಅಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯ ಒಂದಿದೆ. ಸರದಿ ಬಂದವರು ಫೋನ್ ತೆಗೆದು, ಮನೆಯಲ್ಲಿ ನೋಡಿಟ್ಟಿದ್ದ ಟಿಕೆಟ್ ತೆರೆಯುತ್ತಾರೆ. ಪರದೆ ಬಿಳಿಯಾಗಿ, ನಡುವೆ ಒಂದು ಚಕ್ರ ತಿರುಗುತ್ತಲೇ ಇರುತ್ತದೆ. 'ಈಗಷ್ಟೇ ಇತ್ತಲ್ಲ!' ಎನ್ನುತ್ತಾರೆ. ಇದ್ದದ್ದು ನಿಜ. ಆದರೆ ಅದು ಇದ್ದದ್ದು ಟಿಕೆಟ್ ಮಾರಿದವರ ಸರ್ವರ್‌ನಲ್ಲಿ, ಅವರ ಫೋನಿನಲ್ಲಲ್ಲ. ಒಂದೇ ಕಡೆ ಸಾವಿರಾರು ಫೋನ್‌ಗಳು ಸೇರಿದಾಗ ನೆಟ್ ಕೈಕೊಡುವುದು ಮಾಮೂಲಿ. ಬ್ರೌಸರ್‌ನಲ್ಲಿ ತೆರೆದಿಟ್ಟ ಪುಟವನ್ನು ಫೋನ್ ಮೆಮೊರಿ ಉಳಿಸಲು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಮತ್ತೆ ಮುಟ್ಟಿದಾಗ ಅದನ್ನು ಮೊದಲಿನಿಂದ ಇಳಿಸಿಕೊಳ್ಳಲು ಹೋಗುತ್ತದೆ, ಅಲ್ಲೇ ಸಿಕ್ಕಿಬೀಳುತ್ತದೆ.

ಟಿಕೆಟ್, ಬೋರ್ಡಿಂಗ್ ಪಾಸ್‌ಗಳನ್ನು ಇಟ್ಟುಕೊಳ್ಳುವ ಫೋನಿನ ವಾಲೆಟ್ ಆ್ಯಪ್‌ಗೆ ಸೇರಿದ ಪಾಸ್ ಹಾಗಲ್ಲ. ಐಫೋನಿನ ವಾಲೆಟ್ 2012ರಲ್ಲಿ ಬಂದಾಗ ಅದರ ಹೆಸರು ಪಾಸ್‌ಬುಕ್. ಅಂದಿನಿಂದಲೂ ಅದು ಬಳಸುವುದು .pkpass ಎಂಬ ಪುಟ್ಟ ಫೈಲನ್ನು. ಅದನ್ನು ಬಿಚ್ಚಿದರೆ ಒಳಗೆ ಲೋಗೋದಂಥ ಚಿತ್ರಗಳು, ವಿವರಗಳಿರುವ pass.json ಮತ್ತು ಕೊಟ್ಟವರ ಡಿಜಿಟಲ್ ಸಹಿ ಇರುತ್ತವೆ. ಸ್ಕ್ಯಾನ್ ಆಗಬೇಕಾದ ಕೋಡ್ ಅಲ್ಲಿ ಚಿತ್ರವಾಗಿ ಇರುವುದಿಲ್ಲ, ಒಂದು ಸಾಲು ಅಕ್ಷರಗಳಾಗಿ ಇರುತ್ತದೆ. ನೀವು ತೆರೆದಾಗಲೆಲ್ಲ ಫೋನೇ ಅದನ್ನು ಕ್ಯೂಆರ್‌ನಂಥ ಕೋಡ್ ಆಗಿ ಬರೆದು ತೋರಿಸುತ್ತದೆ. ಹಾಗಾಗಿ ನೆಟ್‌ನ ಹಂಗಿಲ್ಲ. ಗೂಗಲ್ ವಾಲೆಟ್ ಪಾಸನ್ನು ನಿಮ್ಮ ಖಾತೆಯಲ್ಲಿಟ್ಟು, ಫೋನಿಗೆ ಒಂದು ಪ್ರತಿ ಇಳಿಸಿಕೊಳ್ಳುತ್ತದೆ. ಆದ್ದರಿಂದ ಸೇರಿಸಿದ ಮೇಲೆ ನೆಟ್ ಇರುವಾಗಲೇ ಒಮ್ಮೆ ಆ್ಯಪ್ ತೆರೆದು, ಪಾಸನ್ನು ಮುಟ್ಟಿ ನೋಡಿಬಿಡಿ.

ಈಚೆಗೆ ಗೆಳೆಯರೊಬ್ಬರು ಹೆಂಡತಿ, ಮಗನ ಜೊತೆ ನಡುವೆ ಒಮ್ಮೆ ವಿಮಾನ ಬದಲಿಸುವ ಪ್ರಯಾಣಕ್ಕೆ ಹೊರಟಿದ್ದರು. ಮೂವರು, ಎರಡು ಹಂತ. ಅಂದರೆ ಆರು ಬೋರ್ಡಿಂಗ್ ಪಾಸ್. 'ಎಲ್ಲ ವಾಲೆಟ್‌ನಲ್ಲಿದೆ' ಎಂದರು. ಎಣಿಸಿ ಎಂದೆ. ಇದ್ದದ್ದು ಎರಡೇ, ಎರಡೂ ಅವರದೇ. ಮನೆಯವರ ಪಾಸ್‌ಗಳನ್ನು ಇಮೇಲ್‌ನಿಂದ ತೆರೆದು ನೋಡಿದ್ದರು, ಅಷ್ಟೇ. ಐಫೋನಿನಲ್ಲಿ .pkpass ಮುಟ್ಟಿದರೆ ಪಾಸ್ ಥೇಟ್ ವಾಲೆಟ್‌ನಲ್ಲಿ ಕಾಣುವಂತೆಯೇ ಕಾಣಿಸುತ್ತದೆ. ಆದರೆ ಮೂಲೆಯಲ್ಲಿರುವ Add ಒತ್ತುವವರೆಗೆ ಅದು ಬರೀ ಮುನ್ನೋಟ. ಇಷ್ಟು ಹೋಲುವ ಎರಡು ಪರದೆಗಳನ್ನು ಮಾಡಿದ್ದು ವಿನ್ಯಾಸಕಾರರ ತಪ್ಪು ಎಂದೇ ನನ್ನ ಅಭಿಪ್ರಾಯ. ಬಳಸುವವರನ್ನು ಬೈದು ಫಲವಿಲ್ಲ.

ಉಳಿದ ನಾಲ್ಕನ್ನೂ ಸೇರಿಸಿದ ಮೇಲೆ ಪರೀಕ್ಷೆ ಮಾಡಿಸಿದೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ನಿಜವಾಗಿಯೂ ಆಫ್ ಆಗಿದೆಯೇ ಎಂದು ನೋಡಬೇಕು. ಹಿಂದೊಮ್ಮೆ ಏರೋಪ್ಲೇನ್ ಮೋಡ್‌ನಲ್ಲಿ ವೈಫೈ ಬಳಸಿದ್ದರೆ ಈಗಿನ ಹಲವು ಫೋನ್‌ಗಳು ಅದನ್ನು ನೆನಪಿಟ್ಟುಕೊಂಡು ಆನ್ ಆಗಿಯೇ ಬಿಟ್ಟಿರುತ್ತವೆ. ಪರೀಕ್ಷೆಯೇ ಸುಳ್ಳಾಗುತ್ತದೆ. ಆಮೇಲೆ ವಾಲೆಟ್ ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು, ಒಂದೊಂದೇ ಪಾಸಿನ ಕೋಡ್ ಮೂಡುತ್ತದೆಯೇ ಎಂದು ನೋಡಬೇಕು. ಆರೂ ಬಂದವು. ಹೆಂಡತಿಯ ಎರಡು ಪಾಸ್‌ಗಳನ್ನು ಅವರ ಫೋನಿಗೂ ಕಳಿಸಿ ಸೇರಿಸಿಕೊಂಡರು. ಒಂದೇ ಫೋನಿನ ಬ್ಯಾಟರಿ ಮೇಲೆ ಮೂವರ ಪ್ರಯಾಣ ನಿಲ್ಲುವುದು ಬೇಡ ಎಂದು.

ಬೋರ್ಡಿಂಗ್ ಪಾಸಿನ ಕೋಡ್ ಒಳಗೆ ಏನಿದೆ ಎಂದು ಅವರು ಕೇಳಿದರು. ವಿಮಾನಯಾನ ಸಂಸ್ಥೆಗಳ ಒಕ್ಕೂಟ ಐಎಟಿಎ ಇದಕ್ಕೊಂದು ನಮೂನೆ ಗೊತ್ತುಮಾಡಿದೆ. ಹೆಸರು, ಬುಕಿಂಗ್ ಸಂಖ್ಯೆ, ಎಲ್ಲಿಂದ ಎಲ್ಲಿಗೆ, ವಿಮಾನ ಸಂಖ್ಯೆ, ದಿನ, ಸೀಟು, ಚೆಕ್-ಇನ್ ಕ್ರಮಾಂಕ ಎಲ್ಲ ಅದರಲ್ಲಿರುತ್ತವೆ. ದಿನವನ್ನು ವರ್ಷದ ಎಷ್ಟನೇ ದಿನ ಎಂದು ಬರೆದಿರುತ್ತಾರೆ. ಅಧಿಕ ವರ್ಷವಲ್ಲದಿದ್ದರೆ ಮಾರ್ಚ್ 10 ಅಂದರೆ 069. ಅದರಲ್ಲಿ ಇಲ್ಲದ್ದು ಗೇಟ್ ಸಂಖ್ಯೆ. ಪಾಸಿನ ಮುಖದ ಮೇಲೆ ಕಾಣುವ ಗೇಟ್ ಬರೀ ಬರಹ. ಅದು ಬದಲಾದರೆ ಸುದ್ದಿ ಬರುವುದು ನೆಟ್ ಮೂಲಕ. ನೆಟ್ ಇಲ್ಲದ ಫೋನಿನಲ್ಲಿ ಬೆಳಿಗ್ಗೆಯ ಗೇಟೇ ಸಂಜೆಯವರೆಗೂ ಕೂತಿರುತ್ತದೆ. ಕೋಡ್ ಆಫ್‌ಲೈನ್‌ನಲ್ಲೂ ಸರಿ, ಗೇಟ್ ಮತ್ತು ಸಮಯಕ್ಕೆ ಮಾತ್ರ ನಿಲ್ದಾಣದ ಫಲಕ ನೋಡಿ ಎಂದು ಹೇಳಿ ಕಳಿಸಿದೆ. ಎರಡನೇ ವಿಮಾನದ ಗೇಟ್ ಬದಲಾಗಿಯೇ ಇತ್ತಂತೆ.

ಸಂಗೀತ ಕಾರ್ಯಕ್ರಮ, ಪಂದ್ಯಗಳ ಪಾಸ್‌ಗಳಲ್ಲಿ ಇನ್ನೊಂದು ಜಾತಿ ಇದೆ. ಕೆಲವು ಸೆಕೆಂಡಿಗೊಮ್ಮೆ ಬದಲಾಗುವ ಕೋಡ್. ಬ್ಲ್ಯಾಕ್‌ನಲ್ಲಿ ಮಾರುವವರು ಸ್ಕ್ರೀನ್‌ಶಾಟ್ ಹಂಚದಿರಲಿ ಎಂದು ಇದನ್ನು ತಂದರು. ಬದಲಾಗುವ ಕೋಡ್‌ಗೆ ನೆಟ್ ಬೇಕೇಬೇಕು ಎಂದು ಬಹಳ ಮಂದಿ ನಂಬಿದ್ದಾರೆ. ಹಾಗೇನಿಲ್ಲ. ಗೂಗಲ್ ವಾಲೆಟ್‌ನಲ್ಲಿ ಇದು ಓಟಿಪಿ ಆ್ಯಪ್‌ಗಳ ರೀತಿಯಲ್ಲೇ ನಡೆಯುತ್ತದೆ. ಪಾಸ್ ಸೇರಿಸುವಾಗಲೇ ಒಂದು ಗುಟ್ಟಿನ ಕೀಲಿ ಫೋನಿಗೆ ಇಳಿದಿರುತ್ತದೆ, ಅದನ್ನೂ ಆ ಕ್ಷಣದ ಸಮಯವನ್ನೂ ಕೂಡಿಸಿ ಫೋನೇ ಹೊಸ ಕೋಡ್ ಮಾಡುತ್ತದೆ. ಗೇಟಿನ ಕಡೆಯೂ ಅದೇ ಲೆಕ್ಕ.

ಕೆಡುವುದು ಗಡಿಯಾರದಿಂದ. ಬೇರೆ ದೇಶದಲ್ಲಿ ಇಳಿದಾಗ ನೆಟ್ ಇಲ್ಲದೆ ಗಡಿಯಾರ ತಾನಾಗಿ ಬದಲಾಗದೇ ಇರಬಹುದು. ಆಗ ಕೆಲವರು ಸೆಟ್ಟಿಂಗ್‌ಗೆ ಹೋಗಿ ಗಂಟೆಯನ್ನೇ ಮೂರೋ ನಾಲ್ಕೋ ಮುಂದೆ ತಳ್ಳುತ್ತಾರೆ. ನೋಡಲು ಸಮಯ ಸರಿ ಕಾಣುತ್ತದೆ. ಆದರೆ ಟೈಮ್ ಝೋನ್ ಹಳೆಯದೇ ಉಳಿದಿರುವುದರಿಂದ ಫೋನಿನ ಒಳಲೆಕ್ಕ ಅಷ್ಟೇ ಗಂಟೆ ತಪ್ಪಿರುತ್ತದೆ. ಪರದೆಯ ಮೇಲೆ ಕೋಡ್ ಲಕಲಕ ಬದಲಾಗುತ್ತದೆ, ಸ್ಕ್ಯಾನರ್ ಮಾತ್ರ ಪ್ರತಿ ಸಲವೂ ಕೆಂಪು ದೀಪ ತೋರಿಸುತ್ತದೆ. ಬದಲಿಸುವುದಿದ್ದರೆ ಝೋನ್ ಬದಲಿಸಿ, ಗಂಟೆಯನ್ನು ಮುಟ್ಟಬೇಡಿ.

ಸಿನಿಮಾ ಟಿಕೆಟ್‌ಗೆ ವಾಲೆಟ್ ಬಟನ್ ಇಲ್ಲದಿರುವುದೂ ಉಂಟು. ಬರೀ ಒಂದು ಸಂದೇಶ, ಅದರಲ್ಲೊಂದು ಲಿಂಕ್. ಕೋಡ್ ಬದಲಾಗದ್ದಾದರೆ ಸ್ಕ್ರೀನ್‌ಶಾಟ್ ಸಾಕು. ಗೂಗಲ್ ವಾಲೆಟ್ ಆ ಚಿತ್ರದಿಂದಲೇ ಪಾಸ್ ಮಾಡಿಕೊಳ್ಳುತ್ತದೆ ಕೂಡ. ಚಿತ್ರ ಕತ್ತರಿಸುವಾಗ ಕೋಡ್ ಸುತ್ತಲಿನ ಬಿಳಿ ಅಂಚನ್ನು ಉಳಿಸಿ. ಅದು ಅಲಂಕಾರಕ್ಕಲ್ಲ, ಕೋಡ್ ಎಲ್ಲಿ ಶುರುವಾಗುತ್ತದೆ ಎಂದು ಸ್ಕ್ಯಾನರ್‌ಗೆ ತಿಳಿಯುವುದೇ ಅದರಿಂದ. ಗ್ಯಾಲರಿಯಿಂದ ತೋರಿಸುವಾಗ ಪರದೆಯ ಬೆಳಕನ್ನು ನೀವೇ ಏರಿಸಬೇಕು.

ಗೆಳೆಯರು ವಾಪಸ್ ಬರುವಾಗ ವಿಮಾನ ರಾತ್ರಿಯಿಂದ ಮರುದಿನಕ್ಕೆ ಹೋಯಿತು. ವಾಲೆಟ್ ತೆರೆದರೆ ಪಾಸ್‌ಗಳೇ ಮಾಯ. ಗಾಬರಿಯಿಂದ ಫೋನ್ ಮಾಡಿದರು. ಕೆಲವು ಪಾಸ್‌ಗಳಲ್ಲಿ ಅವಧಿ ಮುಗಿಯುವ ಸಮಯವೂ ಬರೆದಿರುತ್ತದೆ, ಅದು ದಾಟಿದ ಮೇಲೆ ಫೋನ್ ಅವನ್ನು ಎತ್ತಿ ಪಕ್ಕಕ್ಕಿಡುತ್ತದೆ. ವಿಮಾನ ತಡವಾದದ್ದು ನೆಟ್ ಇಲ್ಲದ ಫೋನಿಗೆ ಹೇಗೆ ಗೊತ್ತಾಗಬೇಕು? ವಾಲೆಟ್‌ನ ತಳಕ್ಕೆ ಸರಿಸಿ, ಅವಧಿ ಮುಗಿದವುಗಳ ಪಟ್ಟಿ ತೆಗೆಯಿರಿ ಎಂದೆ. ಆಂಡ್ರಾಯ್ಡ್ ಆಗಿದ್ದರೆ ಆರ್ಕೈವ್‌ನಲ್ಲಿ ಹುಡುಕಬೇಕಿತ್ತು. ಮೂರೂ ಅಲ್ಲೇ ಇದ್ದವು, ಆದರೆ ಹಳೆಯ ದಿನಾಂಕದ ಕೋಡ್ ಅದು. ಕೌಂಟರ್‌ನಲ್ಲಿ ತೋರಿಸಿ ಹೊಸದನ್ನು ಮುದ್ರಿಸಿಕೊಂಡರು. ಐಫೋನಿನ ವಾಲೆಟ್ ಸೆಟ್ಟಿಂಗ್‌ನಲ್ಲಿರುವ Hide Expired Passes ಅನ್ನು ಆಮೇಲೆ ಆಫ್ ಮಾಡಿಟ್ಟಿದ್ದಾರೆ.