ನೆರಳೆಂದರೆ ಮಂದ ಬಿಸಿಲಲ್ಲ

"ಸರ್, ಮೊತ್ತದಿಂದ ಭಾಗಿಸಿದ್ದೇವೆ. ಆದರೂ ನೆರಳಿಗೆ ಹೋದ ಕೂಡಲೇ ಚೆಂಡು ಕಳೆದುಹೋಗುತ್ತದೆ." ಕ್ಯಾಮೆರಾ ಕಂಡ ಬಣ್ಣವನ್ನು ಯಂತ್ರಗಳಿಗೆ ಗುರುತಿಸಲು ಕಲಿಸುವುದು ನನ್ನ ಕಸುಬು. ಈ ದೂರು ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ. ಕೊನೆಯ ಸಲ ತಂದವರು ಕಿತ್ತಳೆ ಚೆಂಡನ್ನು ಹಿಂಬಾಲಿಸುವ ಪುಟ್ಟ ರೋಬೋ ಕಟ್ಟಿದ್ದ ಹುಡುಗರು.

ನೇರವಾಗಿ ಕೆಂಪು, ಹಸಿರು, ನೀಲಿ ಎಂಬ RGB ಬೆಲೆಗಳಿಗೆ ಮಿತಿ ಹಾಕಿದರೆ ನಡೆಯದು ಎಂಬುದು ಅವರಿಗೆ ಗೊತ್ತಿತ್ತು. ಬಿಸಿಲಿನಲ್ಲಿ ಚೆಂಡು (150, 50, 25) ಇದ್ದದ್ದು ನೆರಳಿನಲ್ಲಿ (24, 10, 6) ಆಗುತ್ತದೆ. ಅದಕ್ಕೇ ಕ್ರೊಮ್ಯಾಟಿಸಿಟಿಗೆ ಬಂದಿದ್ದರು: ಒಟ್ಟು ಬೆಳಕಿನಲ್ಲಿ ಕೆಂಪಿನ ಪಾಲೆಷ್ಟು, ಹಸಿರಿನದೆಷ್ಟು, ನೀಲಿಯದೆಷ್ಟು ಎಂಬ ಲೆಕ್ಕ.

```
r = R/(R+G+B)
g = G/(R+G+B)
b = B/(R+G+B)
```

ಬಿಸಿಲಿನ ಚೆಂಡಿಗೆ r = 0.667, g = 0.222. ನೆರಳಿನಲ್ಲೂ ಅದೇ ಬರುತ್ತದೆಂದು ಅವರು ಕಾದರು. ಬಂದದ್ದು r = 0.60, g = 0.25. "ಸೂತ್ರ ತಪ್ಪೇ?" ಎಂದು ಕೇಳಿದರು.

ಸೂತ್ರ ಸರಿಯಾಗಿದೆ. ಭಾಗಾಕಾರ ಅಳಿಸುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಮೂರೂ ಚಾನೆಲ್‌ಗಳು ಒಂದೇ ಅಂಶದಿಂದ ತಗ್ಗಿದ್ದರೆ ಆ ಅಂಶ ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಆದರೆ ಬಯಲಿನ ನೆರಳಿನಲ್ಲಿ ಹಾಗೆ ತಗ್ಗುವುದಿಲ್ಲ. ಅಲ್ಲಿ ಸೂರ್ಯ ಮರೆಯಾಗಿದ್ದಾನೆ, ಆಕಾಶ ಮರೆಯಾಗಿಲ್ಲ. ನೆರಳಿನಲ್ಲಿರುವ ವಸ್ತುವಿಗೆ ಬೆಳಕು ಕೊಡುತ್ತಿರುವುದು ಮುಖ್ಯವಾಗಿ ಆ ನೀಲಿ ಆಕಾಶ. ಅಂದರೆ ದೀಪವನ್ನು ತಗ್ಗಿಸಿದ್ದಲ್ಲ, ಬೇರೆ ದೀಪವನ್ನೇ ಹಚ್ಚಿದ್ದು.

ಅವರಿಗೆ ನಂಬಿಕೆ ಬರಲಿಲ್ಲ. ಚೆಂಡಿನ ಪಕ್ಕ ಒಂದು ಬೂದು ಕಾಗದ ಇಡಿಸಿದೆ. ಬಿಸಿಲಿನಲ್ಲಿ ಅದು (100, 100, 100), ನೆರಳಿನಲ್ಲಿ (16, 20, 24). ಕೆಂಪು ಶೇ. 16ಕ್ಕೆ ಇಳಿದಿದೆ, ಹಸಿರು ಶೇ. 20ಕ್ಕೆ, ನೀಲಿ ಶೇ. 24ಕ್ಕೆ. ಇದೇ ಮೂರು ಅಂಶಗಳಿಂದ ಚೆಂಡಿನ 150, 50, 25ನ್ನು ಗುಣಿಸಿ ನೋಡಿ: 24, 10, 6. ಒಂದೂ ಆಚೀಚೆ ಇಲ್ಲ. (ಪಾಠಕ್ಕೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ, ನಿಜದ ಚಿತ್ರದಲ್ಲಿ ಇಷ್ಟು ನಯವಾಗಿ ಕೂಡುವುದಿಲ್ಲ. ಇವು ಕ್ಯಾಮೆರಾ ಬೆಲೆಗಳನ್ನು ಬಾಗಿಸುವ ಗಾಮಾ ತೆಗೆದ, ಬೆಳಕೇ ಇಲ್ಲದಾಗಲೂ ಸೆನ್ಸರ್ ತೋರಿಸುವ ಕಪ್ಪುಮಟ್ಟ ಕಳೆದ ಬೆಲೆಗಳು ಕೂಡ. ಕಪ್ಪುಮಟ್ಟ ಕೂಡಿಕೊಂಡಿರುವ ಸಂಖ್ಯೆಯಾದ್ದರಿಂದ ಭಾಗಿಸಿದರೆ ಹೋಗದು.)

ಹಾಗಾದರೆ ಏನು ಮಾಡಬೇಕು? ಹುಡುಗರು ಮಾಡಿದ್ದು, ಬಹುಪಾಲು ಎಲ್ಲರೂ ಮಾಡುವುದು: ಮಿತಿಯನ್ನು ಅಗಲಿಸುವುದು. r, g ಎರಡರ ಸುತ್ತ ದೊಡ್ಡ ಚೌಕ ಹಾಕಿದರು. ಚರ್ಮದ ಬಣ್ಣವೂ ಅದರೊಳಗೆ ಬಿದ್ದು, ರೋಬೋ ಜನರ ಕೈ ಕಾಲುಗಳ ಹಿಂದೆ ಓಡತೊಡಗಿತು.

ನಾನು ಹೇಳಿದ್ದು ಇಷ್ಟೇ: ಚೆಂಡನ್ನು ಬಿಸಿಲಿನಿಂದ ನೆರಳಿಗೆ ನಿಧಾನವಾಗಿ ಉರುಳಿಸಿ, ಅದರ ಪಿಕ್ಸೆಲ್‌ಗಳನ್ನು r–g ನಕ್ಷೆಯ ಮೇಲೆ ಚುಕ್ಕೆಯಾಗಿ ಇಡಿ. ನೆರಳಿನ ಮಬ್ಬು ಅಂಚಿನಲ್ಲಿ ಸೂರ್ಯನ ಬೆಳಕೂ ಆಕಾಶದ ಬೆಳಕೂ ಬೆರೆತಿರುತ್ತವೆ. ಎರಡು ಬೆಳಕುಗಳ ಮಿಶ್ರಣ ಈ ನಕ್ಷೆಯಲ್ಲಿ ಎರಡು ತುದಿಗಳ ನಡುವಿನ ನೇರ ಗೆರೆಯ ಮೇಲೇ ಬೀಳುತ್ತದೆ. ಹಾಗಾಗಿ ಚುಕ್ಕೆಗಳು (0.667, 0.222)ರಿಂದ (0.60, 0.25)ರವರೆಗೆ ಒಂದು ಗೀಟಿನಂತೆ ಕೂತವು. ಚೌಕದ ಬದಲು ಆ ಗೀಟಿನ ಸುತ್ತ ಸಪೂರ ಪಟ್ಟಿಯಷ್ಟನ್ನೇ ಒಪ್ಪಿಕೊಂಡರೆ ಸಾಕು. ಇದಕ್ಕೆ ಮೊದಲು ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ತಿದ್ದುವ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ನಿಲ್ಲಿಸಿರಬೇಕು, ಇಲ್ಲವಾದರೆ ಗೀಟೇ ಅತ್ತಿತ್ತ ಅಲೆಯುತ್ತದೆ.

ಪಟ್ಟಿ ಹಾಕಿದ ಮೇಲೂ ಒಂದು ಮೋಸ ಉಳಿದಿತ್ತು. ಚೆಂಡಿನ ಹೊಳೆಯುವ ನೆತ್ತಿ ನೆರಳೆಂದು ದಾಖಲಾಗುತ್ತಿತ್ತು! ಅಲ್ಲಿ ಬರಬೇಕಾದದ್ದು ಸುಮಾರು (360, 120, 60). 8 ಬಿಟ್‌ನಲ್ಲಿ ಕೆಂಪು 255ಕ್ಕೇ ನಿಂತುಬಿಡುತ್ತದೆ, ಆಗ r = 255/435, ಅಂದರೆ 0.586. ಅತಿ ಬೆಳಕಿನ ಪಿಕ್ಸೆಲ್ ನೆರಳಿನ ವೇಷ ಹಾಕಿದ್ದು ಹೀಗೆ. ಯಾವುದೇ ಚಾನೆಲ್ 250 ದಾಟಿದರೆ ಆ ಪಿಕ್ಸೆಲ್‌ಗೆ ಕ್ರೊಮ್ಯಾಟಿಸಿಟಿ ಲೆಕ್ಕ ಹಾಕಲೇಬೇಡಿ. ತೀರಾ ಕತ್ತಲಿನ ಪಿಕ್ಸೆಲ್‌ಗಳದ್ದೂ ಇದೇ ಕಥೆ: (6, 3, 2)ರಲ್ಲಿ ಕೆಂಪು ಒಂದೇ ಅಂಕಿ ಏರಿದರೂ r 0.545ರಿಂದ 0.583ಕ್ಕೆ ಜಿಗಿಯುತ್ತದೆ. ಮೊತ್ತ ಎಷ್ಟಕ್ಕಿಂತ ಕಡಿಮೆಯಾದರೆ ಬಿಡಬೇಕು ಎಂಬುದು ನಿಮ್ಮ ಸೆನ್ಸರಿನ ಗದ್ದಲದ ಮೇಲೆ ನಿಂತಿದೆ; ಲೆನ್ಸ್ ಮುಚ್ಚಿ ಕೆಲವು ಚಿತ್ರ ತೆಗೆದರೆ ಆ ಗದ್ದಲದ ಅಂದಾಜು ಸಿಗುತ್ತದೆ.

ವಾರದ ಬಳಿಕ ಹುಡುಗರಿಂದ ಮತ್ತೆ ಕರೆ. ರೋಬೋ ಕೈ ಕಾಲುಗಳ ಬೆನ್ನು ಬಿಟ್ಟಿದೆ, ಈಗ ರಟ್ಟಿನ ಪೆಟ್ಟಿಗೆಯೊಂದರ ಮುಂದೆ ನಿಂತುಬಿಡುತ್ತದೆ ಎಂದರು. ನಗು ಬಂತು. ಕಂದು ಎನ್ನುವುದು ಮಂದವಾದ ಕಿತ್ತಳೆಯೇ. ಮಂದತೆಯನ್ನು ಭಾಗಿಸಿ ತೆಗೆದವರು ನಾವೇ. ಪಾಲು ಒಂದೇ ಆಗಿಬಿಟ್ಟರೆ ಕ್ರೊಮ್ಯಾಟಿಸಿಟಿಯಲ್ಲಿ ಇವೆರಡನ್ನು ಬೇರ್ಪಡಿಸಲು ದಾರಿಯಿಲ್ಲ. "ಪೆಟ್ಟಿಗೆ ಚೌಕ, ಚೆಂಡು ದುಂಡಗೆ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ.