ಟ್ಯಾಲಿ ಆಯ್ತು ಅಂದ್ರೆ ಆಡಿಟ್ ಆಯ್ತು ಅಂತಲ್ಲ

ಈ ವಾರ ಮೂರನೇ ಸಲ ಕೇಳಿದ್ದು ಇದು, "ಸರ್, ಮ್ಯಾನೇಜ್‌ಮೆಂಟ್‌ಗೆ ಕಳಿಸೋ ಎಂಐಎಸ್ ಎಕ್ಸೆಲ್ ಶೀಟ್ ಆಡಿಟ್ ಮಾಡಿದೀವಿ, ಟೋಟಲ್ ಲೆಡ್ಜರ್ ಜೊತೆ ಟ್ಯಾಲಿ ಆಗಿದೆ." ಅದು ಆಡಿಟ್ ಅಲ್ಲ ಮಾರಾಯ್ರೆ, ತಾಳೆ ನೋಡೋದು. ಎರಡು ಅಂಕಿ ಒಂದೇನಾ ಅಂತ ನೋಡಿದ್ರೆ ತಾಳೆ, ಆ ಅಂಕಿ ಹೆಂಗೆ ಬಂತು ಅಂತ ನೋಡಿದ್ರೆ ಆಡಿಟ್.

ಪದದ ಮೂಲ ಲ್ಯಾಟಿನ್‌ನ 'ಆಡೀರೆ', ಅಂದ್ರೆ ಕೇಳಿಸ್ಕೊಳ್ಳೋದು. ಹಿಂದೆ ಲೆಕ್ಕಾನ ಜೋರಾಗಿ ಓದಿ ಹೇಳೋರು, ಆಡಿಟರ್ ಕೂತು ಕಿವಿಗೊಟ್ಟು ಕೇಳೋನು, ಆಡಿಯೋ, ಆಡಿಟೋರಿಯಂ ಎಲ್ಲಾ ಇದೇ ಮನೆತನ. ನಮ್ಮ 'ಪರಿಶೋಧನೆ' ಮಾತ್ರ 'ಶುದ್ಧ' ಪದದ ನೆಂಟ, ಕಸ ತೆಗೆಯೋದು. ಸ್ಪ್ರೆಡ್‌ಶೀಟಿಗೆ ನಮ್ಮ ಪದಾನೇ ಸರಿ, ಯಾಕಂದ್ರೆ ಸೆಲ್ ಹೇಳೋದು ಬರೀ ಉತ್ತರ, ಒಳಗಿರೋ ಫಾರ್ಮುಲಾ ಬಾಯೇ ಬಿಡಲ್ಲ.

ನಾನು ನೋಡಿದ ಒಂದು ಶೀಟ್ ಕಥೆ ಕೇಳಿ. ಮಾರ್ಚಲ್ಲಿ ಒಂದು ಬ್ರಾಂಚಿನ ಸಾಗಾಣಿಕೆ ಖರ್ಚು 12,500 ಬಂದಿರ್ಲಿಲ್ಲ, ಯಾರೋ ಟೋಟಲ್ ಸೆಲ್ಲಲ್ಲೇ ಸೇರಿಸಿಬಿಟ್ರು. ಏಪ್ರಿಲ್‌ಗೆ ಅದೇ ಫೈಲ್ ಕಾಪಿ, ಟೋಟಲ್ ಲೆಡ್ಜರ್‌ಗಿಂತ 12,500 ಜಾಸ್ತಿ ಬಂತು, ಇನ್ನೊಬ್ಬರು ಅದನ್ನ ಬೇರೆ ಬ್ರಾಂಚಲ್ಲಿ ಕಳೆದು ಸರಿ ಮಾಡಿದ್ರು:

```
D11: =86400-12500
D17: =SUM(D5:D16)+12500
```

ಟೋಟಲ್ ಚೆನ್ನಾಗೇ ಟ್ಯಾಲಿ! ಆದ್ರೆ 86,400 ಖರ್ಚು ಮಾಡಿದ ಬ್ರಾಂಚ್ ರಿಪೋರ್ಟಲ್ಲಿ 73,900 ಅಂತ ಕೂತಿದೆ. `` Ctrl+` `` ಒತ್ತಿದ್ರೆ ಅಂಕಿ ಬದ್ಲು ಫಾರ್ಮುಲಾ ಕಾಣುತ್ತೆ, 17ನೇ ಸಾಲಲ್ಲಿ C, E ಒಂದು ಥರ ಇದ್ದು D ಮಾತ್ರ ಬೇರೆ ಇದ್ರೆ ಅಲ್ಲೇ ಹುಳ.

ಎರರ್ ಬಂದ್ರೆ ಗೊತ್ತಾಗುತ್ತಲ್ಲ ಅಂತೀರಾ? 2012ರಲ್ಲಿ ಜೆಪಿ ಮೋರ್ಗನ್ ಬ್ಯಾಂಕಿಗೆ 'ಲಂಡನ್ ವೇಲ್' ಅಂತ ಅಡ್ಡಹೆಸರಿದ್ದ ಟ್ರೇಡರ್‌ನಿಂದ ನಷ್ಟ ಆದಾಗ ರಿಸ್ಕ್ ಲೆಕ್ಕದ ಶೀಟಲ್ಲಿ ಎರಡು ದರದ ಸರಾಸರಿಯಿಂದ ಭಾಗಿಸೋ ಕಡೆ ಅವುಗಳ ಮೊತ್ತದಿಂದ ಭಾಗಿಸಿದ್ರು, ಮೊತ್ತ ಅಂದ್ರೆ ಸರಾಸರಿಯ ಎರಡರಷ್ಟು, ಹಾಗಾಗಿ ಏರಿಳಿತ ಅರ್ಧಕ್ಕರ್ಧ ಕಮ್ಮಿ ಕಂಡಿರ್ಬೇಕು ಅಂತ ಬ್ಯಾಂಕಿನ ತನಿಖೆನೇ ಹೇಳ್ತು. ಎಕ್ಸೆಲ್ ಕೆಂಪು ಹಸಿರು ಏನೂ ತೋರಿಸ್ಲಿಲ್ಲ, ಅದಕ್ಕೆ ಎರಡೂ ಸರಿಯಾದ ಭಾಗಾಕಾರಾನೇ.

ಇನ್ನು "ಪಾಸ್‌ವರ್ಡ್ ಹಾಕಿದೀವಿ, ಯಾರೂ ಮುಟ್ಟಲ್ಲ" ಅನ್ನೋರು. ಶೀಟ್ ಪ್ರೊಟೆಕ್ಷನ್ ಇರೋದು ಕೈತಪ್ಪಿ ಅಳಿಸದೇ ಇರ್ಲಿ ಅಂತ, ಅದು ಸೆಕ್ಯೂರಿಟಿ ಅಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತೆ. `MIS_Final_v2_final.xlsx` ಅನ್ನೋ ಹೆಸರೂ ವರ್ಷನ್ ಕಂಟ್ರೋಲ್ ಅಲ್ಲ, ಅದು ಹರಕೆ. ಯಾರು ಯಾವಾಗ ಬದಲಾಯಿಸಿದ್ರು ಅಂತ ಬೇಕಂದ್ರೆ ಫೈಲ್ ಇಮೇಲಲ್ಲಿ ಓಡಾಡ್ಬಾರ್ದು, ಒನ್‌ಡ್ರೈವ್ ಥರ ಒಂದೇ ಜಾಗದಲ್ಲಿರ್ಬೇಕು, ಆಗ `Show Changes` ಸೆಲ್ ಸಮೇತ ಹೆಸರು ತೋರಿಸುತ್ತೆ. ಅದೂ 60 ದಿನದ್ದು ಮಾತ್ರ, ಮಾರ್ಚಲ್ಲಿ ಸೇರಿಸಿದ ಆ 12,500 ಜೂನಲ್ಲಿ ಹುಡುಕಿದ್ರೆ ಅಲ್ಲಿ ಸಿಗಲ್ಲ, ತಿಂಗಳ ಕೊನೆಗೆ ತೆಗೆದಿಟ್ಟ ಹಳೇ ಕಾಪಿ ಇದ್ರೆ ಅದರ ಜೊತೆ ಸೆಲ್‌ಗೆ ಸೆಲ್ ಹಿಡಿದು ನೋಡ್ಬೇಕು.