ಟ್ಯಾಲಿಗೆ ಹೋಗದ ಆರ್ಡರನ್ನು ಮತ್ತೆ ಕಳಿಸುವ ಮುಂಚೆ

ಆನ್‌ಲೈನ್ ಅಂಗಡಿಯ ಆರ್ಡರುಗಳನ್ನು ಟ್ಯಾಲಿಗೆ ಸೇಲ್ಸ್ ವೋಚರ್ ಆಗಿ ಕಳಿಸುವ ಕೆಲಸ ಮೇಲ್ನೋಟಕ್ಕೆ ಸುಲಭ. ಟ್ಯಾಲಿ ಓಡುತ್ತಿರುವ ಕಂಪ್ಯೂಟರಿನ ಒಂದು ಪೋರ್ಟಿಗೆ, ಸಾಮಾನ್ಯವಾಗಿ 9000ಕ್ಕೆ, ಎಕ್ಸ್‌ಎಂಎಲ್ ಕಳಿಸಬೇಕು. ಅಷ್ಟೇ. ಅದು ಹೋಗದಿದ್ದಾಗ ಏನು ಮಾಡಬೇಕು ಅನ್ನೋದಕ್ಕೆ ಮಾತ್ರ ನಮ್ಮಲ್ಲಿ ಬಹಳ ಜನ ಒಂದೇ ಸಾಲು ಬರೆದು ಕೈತೊಳೆದುಕೊಳ್ಳುತ್ತಾರೆ: ಐದು ಸಲ ರೀಟ್ರೈ ಮಾಡು, ಆಗದಿದ್ದರೆ ಫೇಲ್ ಆದ ಜಾಬುಗಳ ಟೇಬಲ್ಲಿಗೆ ಹಾಕು.

ಈ ಐದು ಸಲ ಅನ್ನೋದೇ ಅರ್ಧ ಗೋಳಿಗೆ ಕಾರಣ. ಲೆಕ್ಕ ಹಾಕಿ ನೋಡಿ. ಮೊದಲ ರೀಟ್ರೈ 1 ನಿಮಿಷಕ್ಕೆ, ಆಮೇಲೆ 2, 4, 8, 16 ನಿಮಿಷ ಬಿಟ್ಟು. ಒಟ್ಟು 31 ನಿಮಿಷ. ಟ್ಯಾಲಿ ಇರೋದು ಅಕೌಂಟೆಂಟ್ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಅವರು ಸಂಜೆ ಅದನ್ನು ಆಫ್ ಮಾಡಿ ಮನೆಗೆ ಹೋಗುತ್ತಾರೆ. ರಾತ್ರಿ 9ಕ್ಕೆ ಬಂದ ಆರ್ಡರ್ 9:31ಕ್ಕೆಲ್ಲ ಫೇಲ್ ಆಗಿ ಮೂಲೆ ಸೇರಿರುತ್ತದೆ. ಬೆಳಿಗ್ಗೆ ಟ್ಯಾಲಿ ಆನ್ ಆದಾಗ ಅದನ್ನು ಕಳಿಸುವವರೇ ಇಲ್ಲ.

ಇಲ್ಲಿ ಆ ಆರ್ಡರಿನದು ಏನೂ ತಪ್ಪಿಲ್ಲ, ಅಲ್ವಾ? ಕನೆಕ್ಷನ್ನೇ ಸಿಗದಿದ್ದರೆ ಆ ಜಾಬಿನ ಅವಕಾಶಗಳ ಲೆಕ್ಕದಿಂದ ಒಂದನ್ನೂ ಕಳೆಯಬಾರದು. ಅದರ ಬದಲು ಇಡೀ ಕ್ಯೂ ನಿಲ್ಲಿಸಿ. ಐದು ನಿಮಿಷಕ್ಕೊಮ್ಮೆ ಒಂದೇ ಒಂದು ಚಿಕ್ಕ ರಿಕ್ವೆಸ್ಟ್ ಕಳಿಸಿ, ಈಗ ಯಾವ ಕಂಪನಿ ತೆರೆದಿದೆ ಅಂತ ಕೇಳಿ. ಟ್ಯಾಲಿ ಆನ್ ಇದೆಯಾ ಅಂತಷ್ಟೇ ಕೇಳಿದರೆ ಸಾಲದು. ಅಕೌಂಟೆಂಟ್ ಬೇರೆ ಗಿರಾಕಿಯ ಕಂಪನಿ ತೆರೆದು ಕೂತಿರಬಹುದು. ನಮ್ಮ ಕಂಪನಿ ಕಾಣಿಸಿದ ಮೇಲೆ ಕ್ಯೂ ಬಿಡಿ, ಅದೂ ಒಂದೊಂದಾಗಿ. ರಾತ್ರಿಯ ಆರ್ಡರೆಲ್ಲ ಒಟ್ಟಿಗೆ ನುಗ್ಗಿಸಿದರೆ ಅಲ್ಲಿ ಕೂತು ಬಿಲ್ ಹಾಕುತ್ತಿರುವವರ ಸ್ಕ್ರೀನ್ ನಿಧಾನ ಆಗುತ್ತದೆ, ಮತ್ತೆ ಫೋನ್ ನಿಮಗೇ ಬರೋದು.

ಇನ್ನೊಂದು ತರಹದ ಫೇಲ್ ಇದೆ. ಅದಕ್ಕೆ ರೀಟ್ರೈ ಮಾಡುವುದೇ ದಂಡ. ಉಡುಪಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಬದಲಾಯಿತಲ್ಲ, ಅದನ್ನೇ ತೆಗೆದುಕೊಳ್ಳೋಣ. ಅಲ್ಲಿವರೆಗೆ ಸಾವಿರ ರೂಪಾಯಿವರೆಗಿನ ರೆಡಿಮೇಡ್ ಬಟ್ಟೆಗೆ ಶೇ. 5, ಅದಕ್ಕಿಂತ ಜಾಸ್ತಿ ಇದ್ದರೆ ಶೇ. 12 ಇತ್ತು. ಆಮೇಲೆ 2,500 ರೂಪಾಯಿವರೆಗೆ ಶೇ. 5, ಅದನ್ನು ದಾಟಿದರೆ ಶೇ. 18 ಆಯಿತು. ವೆಬ್‌ಸೈಟಿನಲ್ಲಿ ದರ ಬದಲಾಯಿಸಿದ ಒಂದು ಬಟ್ಟೆ ಅಂಗಡಿ ಟ್ಯಾಲಿಯಲ್ಲಿ ಹೊಸ ಲೆಡ್ಜರ್ ಮಾಡುವುದನ್ನು ಮರೆತಿದೆ ಅಂದುಕೊಳ್ಳಿ. 3,000 ರೂಪಾಯಿಯ ಒಂದು ಜಾಕೆಟ್ ಕರ್ನಾಟಕದೊಳಗೇ ಮಾರಾಟವಾಗಿದೆ. ಸಿಜಿಎಸ್‌ಟಿ 270, ಎಸ್‌ಜಿಎಸ್‌ಟಿ 270, ಒಟ್ಟು ಬಿಲ್ 3,540. ಟ್ಯಾಲಿ ಕೊಡುವ ಉತ್ತರ ಹೆಚ್ಚುಕಮ್ಮಿ ಹೀಗಿರುತ್ತದೆ:

```xml
<RESPONSE>
  <LINEERROR>Ledger 'Output CGST 9%' does not exist!</LINEERROR>
  <CREATED>0</CREATED>
  <ALTERED>0</ALTERED>
  <ERRORS>1</ERRORS>
</RESPONSE>
```

ಇದು ಬರುವುದು ಎಚ್‌ಟಿಟಿಪಿ 200 ಸ್ಟೇಟಸ್ಸಿನೊಂದಿಗೆ. ಬರೀ ಸ್ಟೇಟಸ್ ನೋಡುವ ಕೋಡ್ ಇದನ್ನು ಪಾಸ್ ಅಂತ ಗುರುತು ಹಾಕಿ ಮುಂದೆ ಹೋಗುತ್ತದೆ. ಆರ್ಡರ್ ಕ್ಯೂನಲ್ಲೂ ಇಲ್ಲ, ಫೇಲ್ ಪಟ್ಟಿಯಲ್ಲೂ ಇಲ್ಲ, ಟ್ಯಾಲಿಯಲ್ಲೂ ಇಲ್ಲ. ಹಾಗಾಗಿ ಒಳಗಿನ `CREATED`, `ALTERED`, `ERRORS` ಓದಿಯೇ ತೀರ್ಮಾನಿಸಬೇಕು.

ಲೆಡ್ಜರ್ ಇಲ್ಲ ಅಂದ ಮೇಲೆ ಹದಿನಾರು ನಿಮಿಷ ಬಿಟ್ಟು ಕೇಳಿದರೂ ಇಲ್ಲವೇ ಇಲ್ಲ. ಇಂಥದ್ದನ್ನು ಮೊದಲ ಸಲವೇ ಪಕ್ಕಕ್ಕೆ ತೆಗೆದಿಟ್ಟು ಅಕೌಂಟೆಂಟ್‌ಗೆ ತೋರಿಸಬೇಕು, ಪ್ರೋಗ್ರಾಮರ್‌ಗಲ್ಲ, ಯಾಕೆಂದರೆ ಸರಿಮಾಡುವವರು ಅವರೇ. ಆರ್ಡರಿಗೊಂದು ಇಮೇಲ್ ಕಳಿಸಬೇಡಿ, ಮೂರನೇ ದಿನಕ್ಕೆ ಯಾರೂ ಓದುವುದಿಲ್ಲ. ಕಾರಣದ ಪ್ರಕಾರ ಗುಂಪು ಮಾಡಿ: 'ಈ ಲೆಡ್ಜರ್ ಇಲ್ಲದ್ದಕ್ಕೆ ಇಷ್ಟು ಆರ್ಡರ್ ನಿಂತಿವೆ, ಒಟ್ಟು ಇಷ್ಟು ರೂಪಾಯಿ'. ಪಕ್ಕದಲ್ಲಿ, ಆ ಗುಂಪನ್ನು ಮಾತ್ರ ಮತ್ತೆ ಕಳಿಸುವ ಒಂದು ಬಟನ್. ಲೆಡ್ಜರನ್ನು ಕೋಡೇ ತಾನಾಗಿ ಮಾಡಿಬಿಡಲಿ ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಡ್ಯೂಟೀಸ್ ಅಂಡ್ ಟ್ಯಾಕ್ಸಸ್ ಬಿಟ್ಟು ಬೇರೆ ಗ್ರೂಪಿನಡಿ ಕೂತರೆ ಎರರ್ ಏನೋ ಹೋಗುತ್ತದೆ, ತಪ್ಪು ಮಾತ್ರ ರಿಟರ್ನ್‌ವರೆಗೂ ಹೋಗುತ್ತದೆ.

ಮತ್ತೆ ಕಳಿಸುವಾಗ ವೋಚರ್ ತಾರೀಕಿನ ಮೇಲೆ ಕಣ್ಣಿರಲಿ. ಸೆಪ್ಟೆಂಬರ್ 30ರ ಬಿಲ್ ಅಕ್ಟೋಬರ್ 3ಕ್ಕೆ ಹೋದರೂ ಅದರ ತಾರೀಕು ಸೆಪ್ಟೆಂಬರ್ 30 ಆಗಿಯೇ ಇರಬೇಕು. ಜಾಬ್ ಓಡಿದ ದಿನವನ್ನು ಹಾಕಿದರೆ ಆ ಮಾರಾಟ ಅಕ್ಟೋಬರಿನ ಲೆಕ್ಕಕ್ಕೆ ಬೀಳುತ್ತದೆ. ತಿಂಗಳಿಗೊಮ್ಮೆ ಫೈಲ್ ಮಾಡುವವರಿಗೆ ಜಿಎಸ್‌ಟಿಆರ್-1ರ ಮಾಮೂಲಿ ಕೊನೆ ದಿನ ಮುಂದಿನ ತಿಂಗಳ 11. ಹಾಗಾಗಿ ಹಿಂದಿನ ತಿಂಗಳ ಒಂದು ಜಾಬ್ ಇನ್ನೂ ನಿಂತಿದ್ದರೂ ತಿಂಗಳ ಮೊದಲ ವಾರದಲ್ಲಿ ಸಿಸ್ಟಮ್ ಜೋರಾಗಿಯೇ ಕೂಗಬೇಕು.

ಎಲ್ಲಕ್ಕಿಂತ ಕಷ್ಟದ್ದು ಟೈಮ್‌ಔಟ್. ಎಕ್ಸ್‌ಎಂಎಲ್ ಹೋಯಿತು, 30 ಸೆಕೆಂಡ್ ಕಾದೆವು, ಉತ್ತರ ಬರಲಿಲ್ಲ. ವೋಚರ್ ಆಗಿದೆಯೋ ಇಲ್ಲವೋ? ಎರಡೂ ಸಾಧ್ಯ. ವೋಚರ್ ಬರೆದಾದ ಮೇಲೆ ಉತ್ತರ ದಾರಿಯಲ್ಲಿ ಕಳೆದುಹೋಗಿದ್ದರೆ, ಸುಮ್ನೆ ರೀಟ್ರೈ ಮಾಡಿದರೆ ಅದೇ ಜಾಕೆಟ್ ಎರಡು ಸಲ ಮಾರಾಟವಾದಂತೆ ಆಗುತ್ತದೆ. ಅಂಗಡಿಯವರು ಇಲ್ಲದ ಮಾರಾಟಕ್ಕೆ 540 ರೂಪಾಯಿ ತೆರಿಗೆ ತೋರಿಸಿದಂತೆ.

ಇದಕ್ಕೆ ಟ್ಯಾಲಿಯಲ್ಲೇ ಒಂದು ದಾರಿ ಇದೆ. ವೋಚರಿಗೆ `REMOTEID` ಅಂತ ಒಂದು ಗುರುತು ಕೊಡಬಹುದು. ಅದೇ ಗುರುತಿನ ವೋಚರ್ ಮತ್ತೆ ಬಂದರೆ ಹೊಸದು ಹುಟ್ಟುವುದಿಲ್ಲ, ಹಳೆಯದೇ ಬದಲಾಗುತ್ತದೆ, ಉತ್ತರದಲ್ಲಿ `CREATED` ಬದಲು `ALTERED` 1 ಆಗಿರುತ್ತದೆ. ಆದರೆ ಆ ಗುರುತು ಆರ್ಡರ್ ನಂಬರಿನಿಂದಲೇ ಬರಬೇಕು. ಪ್ರತಿ ಸಲವೂ ಹೊಸ ಯುಯುಐಡಿ ಹುಟ್ಟಿಸಿ ಅದರಲ್ಲಿ ತುಂಬುವ ಕೋಡ್ ಇದ್ದರೆ ಇಡೀ ಏರ್ಪಾಡು ನೀರಿನಲ್ಲಿ ಹೋಮ.

ಇದರಲ್ಲೂ ಒಂದು ಸಿಕ್ಕು ಇದೆ. ಮೊದಲ ಸಲ ಹೋದ ವೋಚರನ್ನು ಅಕೌಂಟೆಂಟ್ ಅಷ್ಟರಲ್ಲಿ ತಿದ್ದಿರಬಹುದು, ಪಾರ್ಟಿ ಲೆಡ್ಜರ್ ಬದಲಾಯಿಸಿ ಕಾಸ್ಟ್ ಸೆಂಟರ್ ಹಾಕಿರಬಹುದು. ಗಂಟೆಗಟ್ಟಲೆ ಬಿಟ್ಟು ಬರುವ ನಮ್ಮ ರೀಟ್ರೈ ಅದನ್ನೆಲ್ಲ ಅಳಿಸಿಹಾಕುತ್ತದೆ. ಅದಕ್ಕೇ ಟೈಮ್‌ಔಟ್ ಆದ ಜಾಬನ್ನು ಫೇಲ್ ಅಂತ ಬರೆಯದೆ 'ಗೊತ್ತಿಲ್ಲ' ಅನ್ನೋ ಬೇರೆ ಸ್ಥಿತಿಯಲ್ಲಿಡಿ. ಮುಂದಿನ ಸಲ ಮೊದಲು ಆ ವೋಚರ್ ನಂಬರ್ ಇದೆಯಾ ಅಂತ ಟ್ಯಾಲಿಯನ್ನು ಕೇಳಿ. ಇದ್ದರೆ ಮೊತ್ತ ತಾಳೆ ನೋಡಿ ಮುಗಿಸಿ. ಇಲ್ಲದಿದ್ದರೆ ಮಾತ್ರ ಕಳಿಸಿ. ಆ ಆರ್ಡರಿನ ಕ್ರೆಡಿಟ್ ನೋಟ್ ಏನಾದರೂ ಕ್ಯೂನಲ್ಲಿದ್ದರೆ ಅದನ್ನೂ ಅಲ್ಲಿವರೆಗೆ ತಡೆಹಿಡಿಯಿರಿ, ಮಾರಾಟವೇ ಇಲ್ಲದ ವಾಪಸಾತಿ ಪುಸ್ತಕದಲ್ಲಿ ಕೂರಬಾರದು.

ಕ್ಯೂ ಖಾಲಿ ಇದೆ ಅಂದ ಮಾತ್ರಕ್ಕೆ ಲೆಕ್ಕ ಸರಿಯಿದೆ ಅಂತಲ್ಲ. ಉದಾಹರಣೆಗೆ ಅಮೆಜಾನಿನ ಎಸ್‌ಕ್ಯೂಎಸ್ ಕ್ಯೂ ಬಳಸುವವರಲ್ಲಿ ಮೆಸೇಜ್ ಉಳಿಯುವ ಅವಧಿ, ನಾವು ಬದಲಾಯಿಸದಿದ್ದರೆ, 4 ದಿನ, ಹೆಚ್ಚೆಂದರೆ 14. ಸ್ಟ್ಯಾಂಡರ್ಡ್ ಕ್ಯೂನಲ್ಲಿ ಫೇಲ್ ಆದದ್ದು ಡೆಡ್ ಲೆಟರ್ ಕ್ಯೂಗೆ ಹೋದ ಮೇಲೂ ದಿನ ಎಣಿಸುವುದು ಮೊದಲ ಸಲ ಕ್ಯೂಗೆ ಬಿದ್ದ ಹೊತ್ತಿನಿಂದಲೇ. ಸಾಲು ರಜೆ ಬಂದರೆ ಯಾರೂ ನೋಡುವ ಮುಂಚೆಯೇ ಮೆಸೇಜ್ ಮಾಯವಾಗಿರುತ್ತದೆ. ಹಾಗಾಗಿ ಕ್ಯೂಗೆ ಸಂಬಂಧವೇ ಇಲ್ಲದ ಒಂದು ಚಿಕ್ಕ ಕೆಲಸ ದಿನಾ ಬೆಳಿಗ್ಗೆ ಓಡಲಿ: ನಿನ್ನೆಯ ತಾರೀಕಿನ ಬಿಲ್‌ಗಳ ನಂಬರು ಮತ್ತು ಮೊತ್ತವನ್ನು ಅಂಗಡಿಯ ಡೇಟಾಬೇಸಿನಿಂದ ತೆಗೆದು, ಟ್ಯಾಲಿಯಲ್ಲಿರುವುದರ ಜೊತೆ ಹೋಲಿಸಲಿ. ಟ್ಯಾಲಿಯಲ್ಲಿ 3,540 ಕಮ್ಮಿ ಬಂದರೆ ಒಂದು ಆರ್ಡರ್ ಎಲ್ಲೋ ಬಿದ್ದುಹೋಗಿದೆ. 3,540 ಜಾಸ್ತಿ ಬಂದರೆ ಎರಡು ಸಲ ಹೋಗಿರಬಹುದು, ಆಗ ಮೊದಲು ನೋಡಬೇಕಾದ್ದು `REMOTEID`.